ಮೂರು ಬಾರಿ ಬರೆದ ಸಾರಾಂಶ: ಸರ್ಕಾರಿ ಎಂಜಿನಿಯರೊಬ್ಬರು ಖಾಸಗಿ ಕಂಪನಿಗೆ ಹೋದ ಪ್ರಕರಣ

ರೆಸ್ಯೂಮೆಯ ತಲೆಯಲ್ಲಿ ಬರುವ ನಾಲ್ಕೈದು ಸಾಲಿನ ಸಾರಾಂಶದ ಬಗ್ಗೆ ಈ ಬರಹ. ಇದರಲ್ಲಿ ಬರುವವರು ರಾಜ್ಯ ಸರ್ಕಾರದ ಕಟ್ಟಡ ಕಾಮಗಾರಿಗಳನ್ನು ನೋಡಿಕೊಳ್ಳುವ ಇಲಾಖೆಯೊಂದರಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗಿದ್ದವರು, ಅಂದರೆ ಎಲ್ಲರ ಬಾಯಲ್ಲಿ ಎಇಇ. ವಯಸ್ಸು ಐವತ್ತು ದಾಟಿತ್ತು, ಸೇವೆ 24 ವರ್ಷ. ಮನೆಯ ಕಾರಣಕ್ಕೆ ಬೆಂಗಳೂರಿನಲ್ಲೇ ನೆಲೆಸಬೇಕಾಗಿ ಬಂದು ಸ್ವಯಂ ನಿವೃತ್ತಿಯ ನೋಟಿಸ್ ಕೊಟ್ಟಿದ್ದರು. ಗುರುತು ಸಿಗಬಾರದೆಂದು ಊರು, ಇಲಾಖೆ, ಕಂಪನಿಗಳ ಹೆಸರು ಬಿಟ್ಟಿದ್ದೇನೆ. ಮೊತ್ತ ಮತ್ತು ಸಂಖ್ಯೆಗಳನ್ನು ಸ್ವಲ್ಪ ಬದಲಿಸಿದ್ದೇನೆ. ರೆಸ್ಯೂಮೆ ಇದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಅದರ ಸಾಲುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ. ನಾನು ನಿರ್ಮಾಣ ಕಂಪನಿಗಳ ನೇಮಕಾತಿಯಲ್ಲಿ ಬಹುಕಾಲ ಇದ್ದವನು. ಅವರು ನನ್ನ ಬಳಿ ಬಂದಾಗ ಎರಡು ಸಾರಾಂಶಗಳು ಆಗಲೇ ಸೋತಿದ್ದವು.

ಮೊದಲ ಸಾರಾಂಶ

ಅವರೇ ಬರೆದುಕೊಂಡಿದ್ದ ಮೊದಲನೆಯದು ಹೀಗಿತ್ತು:

"24 ವರ್ಷಗಳ ಅರ್ಹತಾದಾಯಕ ಸೇವೆ. ಎಇ ಹಾಗೂ ಎಇಇ ಹುದ್ದೆಗಳಲ್ಲಿ ಕಾರ್ಯನಿರ್ವಹಣೆ. ಕೆಸಿಎಸ್‌ಆರ್ ನಿಯಮ 32ರಡಿ ಕಾರ್ಯಪಾಲಕ ಎಂಜಿನಿಯರ್ ಹುದ್ದೆಯ ಸ್ವತಂತ್ರ ಪ್ರಭಾರ. ಕೆಟಿಪಿಪಿ ಕಾಯ್ದೆಯನ್ವಯ ಟೆಂಡರ್ ಪ್ರಕ್ರಿಯೆ, ಕೆಡಬ್ಲ್ಯು-4 ದಾಖಲೆ ತಯಾರಿಕೆ, ಅಳತೆ ಪುಸ್ತಕ ತಪಾಸಣೆ, ಹೆಚ್ಚುವರಿ ಬಾಬ್ತುಗಳ ಪ್ರಸ್ತಾವನೆ, ಎಜಿ ಪ್ಯಾರಾಗಳಿಗೆ ಅನುಪಾಲನಾ ವರದಿ. ವಾರ್ಷಿಕ ಕ್ರಿಯಾ ಯೋಜನೆಯಡಿ ಶೇ. 98 ಆರ್ಥಿಕ ಪ್ರಗತಿ ಸಾಧನೆ."

ಇಲಾಖೆಯೊಳಗೆ ಕೂತು ಓದಿದರೆ ಇದು ಒಳ್ಳೆಯ ಸಾರಾಂಶ. ಅವರ ಮೇಲಧಿಕಾರಿ ಇದನ್ನು ಓದಿದರೆ ಈ ವ್ಯಕ್ತಿ ಏನೇನು ಬಲ್ಲರು ಎಂಬುದು ಅರೆನಿಮಿಷದಲ್ಲಿ ತಿಳಿಯುತ್ತದೆ. ಆದರೆ ಇದನ್ನು ಕಳುಹಿಸಿದ್ದು ಕಾರ್ಖಾನೆ ಶೆಡ್ಡು, ಗೋದಾಮು, ಕಚೇರಿ ಕಟ್ಟಡಗಳನ್ನು ಕಟ್ಟಿಸುವ ಕಂಪನಿಗಳಿಗೆ. ಅಲ್ಲಿ ಮೊದಲು ಓದುವವರು ಮಾನವ ಸಂಪನ್ಮೂಲ ವಿಭಾಗದ ಯಾರೋ ಒಬ್ಬ ಯುವಕ ಅಥವಾ ಯುವತಿ. ಕೆಸಿಎಸ್‌ಆರ್ ಎಂದರೆ ರಾಜ್ಯ ಸರ್ಕಾರಿ ನೌಕರರ ಸೇವಾ ನಿಯಮಗಳು, ಕೆಟಿಪಿಪಿ ಎಂದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಕೆಡಬ್ಲ್ಯು-4 ಎಂದರೆ ಟೆಂಡರ್ ದಾಖಲೆಯ ಒಂದು ನಮೂನೆ ಎಂದು ಅವರಿಗೆ ಗೊತ್ತಿರಬೇಕಾಗಿಲ್ಲ. ಯಾವ ಕಡೆಯಿಂದಲೂ ಉತ್ತರ ಬರಲಿಲ್ಲ.

ಅರ್ಥವಾಗದ ಪದಗಳಿಗಿಂತ ಹೆಚ್ಚು ಹಾನಿ ಮಾಡಿದ್ದು ತಪ್ಪಾಗಿ ಅರ್ಥವಾದ ಪದಗಳು. ಅದರಲ್ಲಿ ಮೂರನ್ನು ಬಿಡಿಸಿ ಹೇಳಬೇಕು.

ಒಂದು, ಹುದ್ದೆಯ ಹೆಸರು. ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಎಂದರೆ ಒಂದು ಉಪವಿಭಾಗದ ಮುಖ್ಯಸ್ಥ, ಗ್ರೂಪ್ ಎ ಅಧಿಕಾರಿ. ಖಾಸಗಿ ಕಂಪನಿಯಲ್ಲಿ ಅಸಿಸ್ಟೆಂಟ್ ಎಂಬುದೂ ಎಕ್ಸಿಕ್ಯೂಟಿವ್ ಎಂಬುದೂ ಏಣಿಯ ಕೆಳಗಿನ ಮೆಟ್ಟಿಲುಗಳ ಹೆಸರು. ಎರಡನ್ನೂ ಒಟ್ಟಿಗೆ ಓದಿದವರಿಗೆ ಇವರು ಇಪ್ಪತ್ತನಾಲ್ಕು ವರ್ಷವಾದರೂ ಮೇಲೇರದ ಕಿರಿಯ ನೌಕರರಂತೆ ಕಂಡರು.

ಎರಡು, ಆಡಿಟ್ ಪ್ಯಾರಾ. ಮಹಾಲೇಖಪಾಲರ ಕಚೇರಿಯ ಆಕ್ಷೇಪಣೆಗಳಿಗೆ ದಾಖಲೆ ಹುಡುಕಿ ಉತ್ತರ ಕೊಟ್ಟು ತಿರುವಳಿ ಮಾಡಿಸುವುದು ಇಲಾಖೆಯಲ್ಲಿ ಕಷ್ಟದ, ಮೆಚ್ಚುಗೆಯ ಕೆಲಸ. ಆ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಇವರು ಆ ಉಪವಿಭಾಗಕ್ಕೆ ಬರುವ ಮೊದಲಿನವು. ಹೊರಗಿನವರಿಗೆ ಮಾತ್ರ "ಇವರ ಮೇಲೆ ಆಡಿಟ್ ಆಕ್ಷೇಪಣೆಗಳಿದ್ದವು" ಎಂದಷ್ಟೇ ಕೇಳಿಸಿತು. ಸರ್ಕಾರಿ ಕೆಲಸ ಬಿಟ್ಟು ಬರುವವರ ಬಗ್ಗೆ ಮೊದಲೇ ಇರುವ ಅನುಮಾನಕ್ಕೆ ಇದು ಗೊಬ್ಬರವಾಯಿತು.

ಮೂರನೆಯದು ಆ ಶೇ. 98. ಇದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ನಾನು ನೋಡಿದ ಸರ್ಕಾರಿ ರೆಸ್ಯೂಮೆಗಳಲ್ಲಿ ಈ ಸಾಲು ಇಲ್ಲದ್ದು ಕಡಿಮೆ. ಇಲಾಖೆಯಲ್ಲಿ ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳುವುದು ಎರಡೇ ಅಂಕಿ: ಭೌತಿಕ ಪ್ರಗತಿ ಎಷ್ಟು, ಆರ್ಥಿಕ ಪ್ರಗತಿ ಎಷ್ಟು. ಮಾರ್ಚ್ 31ರೊಳಗೆ ಅನುದಾನ ಖರ್ಚಾಗದಿದ್ದರೆ ಅದು ವ್ಯಪಗತವಾಗುತ್ತದೆ, ಮುಂದಿನ ವರ್ಷದ ಹಂಚಿಕೆಗೂ ಪೆಟ್ಟು ಬೀಳುತ್ತದೆ. ಆದ್ದರಿಂದ ಹಣವನ್ನು ನಿಯಮಬದ್ಧವಾಗಿ ಪೂರ್ತಿ ಬಳಸುವುದು ಅಲ್ಲಿ ನಿಜವಾದ ಸಾಧನೆ. ಕಟ್ಟಡ ಕಟ್ಟಿಸುವ ಕಂಪನಿಯ ಲೆಕ್ಕದಲ್ಲಿ ಅದೇ ಸಾಲಿಗೆ "ಕೊಟ್ಟ ಹಣದಲ್ಲಿ ಶೇ. 98 ಖರ್ಚು ಮಾಡಿದೆ" ಎಂಬುದಕ್ಕಿಂತ ಬೇರೆ ಅರ್ಥವಿಲ್ಲ. ಖರ್ಚು ಮಾಡಿ ಏನು ಬಂತು, ಯಾವಾಗ ಬಂತು, ಎಷ್ಟು ಉಳಿಯಿತು ಎಂಬುದು ಅವರ ಪ್ರಶ್ನೆ. ಅಲ್ಲಿನ ಹೆಮ್ಮೆಯ ಅಂಕಿ ಇಲ್ಲಿ ಏನನ್ನೂ ಹೇಳದ ಅಂಕಿ.

ಎರಡನೆಯ ಸಾರಾಂಶ

ಉತ್ತರ ಬಾರದೆ ಬೇಸತ್ತು ಅವರು ಹಣ ಕೊಟ್ಟು ರೆಸ್ಯೂಮೆ ಬರೆಸಿದರು. ಬರೆದವರು ಇಲಾಖೆಯ ಒಂದು ಪದವನ್ನೂ ಉಳಿಸಲಿಲ್ಲ:

"ಫಲಿತಾಂಶಕ್ಕೆ ಬದ್ಧನಾದ ಹಿರಿಯ ನಿರ್ಮಾಣ ನಾಯಕ. 100 ಕೋಟಿ ರೂಪಾಯಿಗೂ ಮೀರಿದ ಯೋಜನೆಗಳ ಲಾಭ-ನಷ್ಟದ ಸಂಪೂರ್ಣ ಹೊಣೆ. ಎಕ್ಸಿಕ್ಯೂಟಿವ್ ಎಂಜಿನಿಯರ್ ಆಗಿ ಬಹುಶಿಸ್ತೀಯ ತಂಡಗಳ ನೇತೃತ್ವ. ಗುತ್ತಿಗೆದಾರರ ಪಾವತಿಗಳ ಅನುಮೋದನೆ, ಕಾರ್ಯತಂತ್ರದ ಖರೀದಿ, ಭಾಗೀದಾರರ ನಿರ್ವಹಣೆಯಲ್ಲಿ ಪರಿಣತಿ."

ಈ ಸಾರಾಂಶಕ್ಕೆ ಸಂದರ್ಶನದ ಕರೆ ಬಂತು. ಕಷ್ಟ ಶುರುವಾದದ್ದು ಸಂದರ್ಶನದಲ್ಲಿ. ಮೇಜಿನ ಆಚೆ ಇದ್ದ ಹಣಕಾಸು ಮುಖ್ಯಸ್ಥರು ಮೊದಲೇ ಕೇಳಿದರು: "ಲಾಭ-ನಷ್ಟದ ಹೊಣೆ ಇತ್ತು ಎಂದು ಬರೆದಿದ್ದೀರಿ. ಕಳೆದ ವರ್ಷ ನಿಮ್ಮ ಲಾಭಾಂಶ ಎಷ್ಟಿತ್ತು, ಸರ್?" ಸರ್ಕಾರಿ ಉಪವಿಭಾಗಕ್ಕೆ ಲಾಭಾಂಶ ಎಲ್ಲಿಂದ ಬರಬೇಕು? ಎರಡನೆಯ ಪ್ರಶ್ನೆ, ಎಷ್ಟು ಮೊತ್ತದವರೆಗೆ ಪಾವತಿಯನ್ನು ಸ್ವತಃ ಮಂಜೂರು ಮಾಡುತ್ತಿದ್ದಿರಿ ಎಂದು. ಅದಕ್ಕೂ ನೇರ ಉತ್ತರ ಇರಲಿಲ್ಲ. ಉಳಿದ ಮಾತುಕತೆ ಸೌಜನ್ಯಕ್ಕಾಗಿ ನಡೆಯಿತು ಎಂದು ಅವರೇ ಹೇಳಿದರು.

ಪಾವತಿಯ ವಿಷಯ ಹೇಗೆ ನಡೆಯುತ್ತದೆ ಎಂದು ತಿಳಿದರೆ ಈ ತಪ್ಪಿನ ಆಳ ಕಾಣುತ್ತದೆ. ಕೆಲಸದ ಸ್ಥಳದಲ್ಲಿ ಅಳತೆ ಹಿಡಿದು ಅಳತೆ ಪುಸ್ತಕದಲ್ಲಿ ಬರೆಯುವವರು ಸಹಾಯಕ ಅಥವಾ ಕಿರಿಯ ಎಂಜಿನಿಯರ್. ಅದನ್ನು ಸ್ಥಳದಲ್ಲಿ ಮತ್ತೆ ಅಳೆದು ತಪಾಸಣೆ ಮಾಡಿ ಸಹಿ ಹಾಕುವವರು ಎಇಇ. ಬಿಲ್ಲು ಪಾಸು ಮಾಡುವವರು ವಿಭಾಗದ ಕಾರ್ಯಪಾಲಕ ಎಂಜಿನಿಯರ್. ಮೂರು ಮೇಜು, ಮೂರು ಬೇರೆ ಹೊಣೆ. ಎರಡನೆಯ ಮೇಜಿನವರು ಮೂರನೆಯ ಮೇಜಿನ ಕೆಲಸವನ್ನು ತನ್ನದೆಂದು ಬರೆದರೆ, ಇದನ್ನು ಬಲ್ಲ ಒಬ್ಬರು ಎದುರಿಗೆ ಕೂತ ಗಳಿಗೆಯಲ್ಲಿ ಉಳಿದೆಲ್ಲದರ ಮೇಲಿನ ನಂಬಿಕೆಯೂ ಹೋಗುತ್ತದೆ. ಎಕ್ಸಿಕ್ಯೂಟಿವ್ ಎಂಜಿನಿಯರ್ ಎಂಬ ಪದನಾಮವೂ ಹಾಗೆಯೇ. ಏಳು ತಿಂಗಳು ಪ್ರಭಾರದಲ್ಲಿ ಇದ್ದದ್ದು ನಿಜ, ಆ ಹುದ್ದೆಗೆ ಬಡ್ತಿ ಆಗಿರಲಿಲ್ಲ. ನೇಮಕಾತಿಯ ಕೊನೆಯಲ್ಲಿ ನಡೆಯುವ ಹಿನ್ನೆಲೆ ಪರಿಶೀಲನೆಯಲ್ಲಿ ಪದನಾಮವನ್ನು ಸೇವಾ ದಾಖಲೆಯ ಜೊತೆ ಹೋಲಿಸುತ್ತಾರೆ. ಅಲ್ಲಿ ತಾಳೆಯಾಗದಿದ್ದರೆ ಕೈಗೆ ಬಂದ ನೇಮಕಾತಿ ಪತ್ರವೂ ರದ್ದಾಗಬಹುದು.

ಮೊದಲ ಸಾರಾಂಶ ಇವರ ಯೋಗ್ಯತೆಯನ್ನು ಮುಚ್ಚಿತ್ತು. ಎರಡನೆಯದು ಇವರಿಗೆ ಇಲ್ಲದ ಅಧಿಕಾರವನ್ನು ಹೊರಿಸಿತ್ತು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ. ಇಲಾಖೆಯಲ್ಲಿ ಕಡತಕ್ಕೆ ಬಿದ್ದ ಪ್ರತಿ ಸಹಿಯ ಅರ್ಥವನ್ನೂ ತೂಗಿ ಬಾಳಿದ ಪ್ರಾಮಾಣಿಕ ನೌಕರರೊಬ್ಬರನ್ನು ಅದು ಸಂದರ್ಶನದ ಮೇಜಿನಲ್ಲಿ ಸುಳ್ಳುಗಾರರಂತೆ ಕೂರಿಸಿತು. ಆ ಅವಮಾನ ಅವರಿಗೆ ಸಲ್ಲಬೇಕಾದದ್ದಲ್ಲ.

ಪದ ಬಿಟ್ಟು ಕಡತ ಹಿಡಿದದ್ದು

ನಾವು ಕೂತಾಗ ಪದಪಟ್ಟಿ ಮಾಡಲು ಹೋಗಲಿಲ್ಲ. ಟೆಂಡರಿಗೆ ಬಿಡ್, ಹೆಚ್ಚುವರಿ ಬಾಬ್ತಿಗೆ ವೇರಿಯೇಷನ್, ತಡೆಹಿಡಿದ ಮೊತ್ತಕ್ಕೆ ರಿಟೆನ್ಷನ್ ಎಂದು ಬದಲಿಸುವುದು ಅರ್ಧ ಗಂಟೆಯ ಕೆಲಸ; ಆಮೇಲೆ ಮಾಡಿದೆವು ಕೂಡ. ಮೊದಲು ನಾನು ಕೇಳಿದ್ದು ಇಷ್ಟು: ಈ ಕಡತ ನಿಮ್ಮ ಮೇಜಿಗೆ ಬಂದಾಗ ಯಾವ ಸ್ಥಿತಿಯಲ್ಲಿತ್ತು? ನೀವು ಅದರಲ್ಲಿ ಏನನ್ನು ಬದಲಿಸಿದಿರಿ? ನೀವು ಹಾಗೆ ಮಾಡದಿದ್ದರೆ ಯಾರಿಗೆ, ಏನು ನಷ್ಟವಾಗುತ್ತಿತ್ತು? ಕೊನೆಯ ಸಹಿ ಯಾರದು?

ಅವರ ಮೊದಲ ಉತ್ತರಗಳು ಕರ್ಮಣಿ ಪ್ರಯೋಗದಲ್ಲೇ ಬಂದವು. "ಪ್ರಸ್ತಾವನೆ ಸಲ್ಲಿಸಲಾಯಿತು, ಅನುಮೋದನೆ ಪಡೆಯಲಾಯಿತು, ಕಾಮಗಾರಿ ಪೂರ್ಣಗೊಳಿಸಲಾಯಿತು." ಇಲಾಖೆಯ ಬರವಣಿಗೆ ಮಾಡುವವರನ್ನು ವಾಕ್ಯದಿಂದ ತೆಗೆದೇ ಬರೆಯುತ್ತದೆ. ಅದಕ್ಕೆ ಸಕಾರಣವೂ ಇದೆ: ಅಲ್ಲಿ ನಿರ್ಧಾರ ವ್ಯಕ್ತಿಯದಲ್ಲ, ಹುದ್ದೆಯದು. ಆದರೆ ಕಂಪನಿ ಸಂಬಳ ಕೊಡುವುದು ಆ ಕಾಣೆಯಾದ ವ್ಯಕ್ತಿಗೆ. ಆದ್ದರಿಂದ ಪ್ರತಿ "ಮಾಡಲಾಯಿತು" ಬಂದಾಗಲೂ "ಮಾಡಿದವರು ಯಾರು?" ಎಂದು ಕೇಳಬೇಕಾಯಿತು. ಕೆಲವೊಮ್ಮೆ "ನಾನಲ್ಲ" ಎಂಬ ಉತ್ತರವೂ ಬಂತು. ಆ ಸಾಲುಗಳನ್ನು ಅಲ್ಲಿಯೇ ಬಿಟ್ಟೆವು.

ಹಾಗೆ ಕೇಳುತ್ತ ಹೋದಾಗ ಸಿಕ್ಕಿದ್ದು ಒಂದು ವಿದ್ಯಾರ್ಥಿ ವಸತಿ ನಿಲಯದ ಕಡತ. ಮೊದಲ ರೆಸ್ಯೂಮೆಯಲ್ಲಿ ಅದು "ಹೆಚ್ಚುವರಿ ಬಾಬ್ತುಗಳ ಪ್ರಸ್ತಾವನೆ" ಎಂಬ ಮೂರು ಪದಗಳೊಳಗೆ ಅಡಗಿತ್ತು.

ಕಟ್ಟಡಕ್ಕೆ 36 ಕಂಬಗಳ ತಳಪಾಯ. ಅಂದಾಜು ಪಟ್ಟಿ ಮಾಡುವಾಗ ಒಂದೂವರೆ ಮೀಟರ್ ಆಳದಲ್ಲಿ ಗಟ್ಟಿ ಮೊರಂ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದರು. ಅಗೆದಾಗ ನಿವೇಶನದ ಒಂದು ಬದಿಯಲ್ಲಿ ಎರೆಮಣ್ಣು ಇನ್ನೂ ಕೆಳಗೆ ಇಳಿದಿತ್ತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ತಳಪಾಯ ನಿಲ್ಲಿಸುವಂತಿಲ್ಲ. ಗುತ್ತಿಗೆದಾರರು ಕೆಲಸ ನಿಲ್ಲಿಸಿ, ಇಡೀ ಕಟ್ಟಡದ ಕೆಳಗಿನ ಮಣ್ಣು ತೆಗೆದು ಮೊರಂ ತುಂಬಲು ಹಾಗೂ ಎಲ್ಲ ತಳಪಾಯಗಳನ್ನು ಆಳಕ್ಕೆ ಇಳಿಸಲು 38 ಲಕ್ಷ ರೂಪಾಯಿ ಹೆಚ್ಚುವರಿ ಕೇಳಿ ಪತ್ರ ಕೊಟ್ಟರು. ಜೊತೆಗೆ ನಾಲ್ಕು ತಿಂಗಳ ಕಾಲಾವಧಿ ವಿಸ್ತರಣೆ.

ಇಲ್ಲಿ ಎಇಇ ಮಾಡಿದ್ದನ್ನು ನೋಡಿ. ಪತ್ರವನ್ನು ಹಾಗೆಯೇ ಶಿಫಾರಸು ಮಾಡಿ ಮೇಲಕ್ಕೆ ಕಳುಹಿಸಬಹುದಿತ್ತು. ತಿರಸ್ಕರಿಸಿ ಹಿಂದಿರುಗಿಸಲೂಬಹುದಿತ್ತು, ಆಗ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಅವರು ನಾಲ್ಕು ಮೂಲೆಯಲ್ಲೂ ನಡುವಿನಲ್ಲೂ ಪರೀಕ್ಷಾ ಗುಂಡಿ ತೋಡಿಸಿ, ಪ್ರತಿ ಗುಂಡಿಯಲ್ಲಿ ಮೊರಂ ಎಷ್ಟು ಆಳಕ್ಕೆ ಸಿಕ್ಕಿತು ಎಂದು ಬರೆಸಿ, ಫೋಟೊ ತೆಗೆಸಿದರು. ಆಳಕ್ಕೆ ಇಳಿಸಬೇಕಾದದ್ದು 36ರಲ್ಲಿ 14 ತಳಪಾಯ ಮಾತ್ರ ಎಂದು ಗೊತ್ತಾಯಿತು. ಉಳಿದ 22 ತಳಪಾಯಗಳು ಮೂಲ ಟೆಂಡರಿನ ಬಾಬ್ತಿನಲ್ಲೇ ಇದ್ದವು, ಅವುಗಳಿಗೆ ಯಾರ ಹೊಸ ಅನುಮೋದನೆಯೂ ಬೇಕಿರಲಿಲ್ಲ. ಆ 22ನ್ನು ಕೂಡಲೇ ಶುರು ಮಾಡುವಂತೆ ಲಿಖಿತ ಸೂಚನೆ ಕೊಟ್ಟರು. ಅನುಮೋದನೆ ಬರುವ ಮೊದಲೇ ಹೆಚ್ಚುವರಿ ಕೆಲಸ ಮಾಡಿಸಿದ್ದರೆ ಅದು ಅಕ್ರಮವಾಗುತ್ತಿತ್ತು. ಈ ಅನುಕ್ರಮದಿಂದ ನಿಯಮವೂ ಉಳಿಯಿತು, ಕೆಲಸವೂ ನಿಲ್ಲಲಿಲ್ಲ. 14 ತಳಪಾಯಗಳಿಗೆ ಇಲಾಖೆಯ ದರಪಟ್ಟಿಯ ಆಧಾರದಲ್ಲಿ ದರ ವಿಶ್ಲೇಷಣೆ ಮಾಡಿದಾಗ ಮೊತ್ತ 17 ಲಕ್ಷಕ್ಕೆ ಬಂತು. ಸುಮಾರು ಆರು ವಾರದಲ್ಲಿ ಮೇಲಿನಿಂದ ಅನುಮೋದನೆ ಸಿಕ್ಕಿತು. ವಿಸ್ತರಣೆ ನಾಲ್ಕು ತಿಂಗಳ ಬದಲು ಒಂದು ತಿಂಗಳಿಗೆ ಮುಗಿಯಿತು.

ಇದನ್ನು ಹೇಳಿ ಅವರು, "ಇದು ದಿನನಿತ್ಯದ ಕೆಲಸ, ಇದರಲ್ಲಿ ಬರೆಯುವಂಥದ್ದೇನಿದೆ?" ಎಂದರು. ನಿರ್ಮಾಣ ಕಂಪನಿಯ ಗುತ್ತಿಗೆ ವಿಭಾಗಕ್ಕೆ ಬೇಕಾದದ್ದು ಇದೇ. ಗುತ್ತಿಗೆದಾರರ ಕ್ಲೇಮ್ ಬಂದಾಗ ಅದನ್ನು ಸ್ಥಳದ ಸಾಕ್ಷ್ಯದಿಂದ ಅಳೆದು, ನ್ಯಾಯವಾದ ಮೊತ್ತಕ್ಕೆ ಇಳಿಸಿ, ಅಷ್ಟರೊಳಗೆ ಕೆಲಸ ನಿಲ್ಲದಂತೆ ನೋಡಿಕೊಳ್ಳಬಲ್ಲವರನ್ನು ಹುಡುಕಿ ಅವರು ಸೋತಿರುತ್ತಾರೆ. ಇಡೀ ಪ್ರಕರಣದ ತಿರುವು ಈ ವಸತಿ ನಿಲಯದ ಕಡತದಲ್ಲೇ ಇತ್ತು ಎಂದು ನಾನು ನಂಬುತ್ತೇನೆ.

ಶೇ. 98ರ ಬದಲಿಗೆ ಬೇರೆ ಅಂಕಿ ಬೇಕಿತ್ತು. ಕಂಪನಿ ಕೇಳುವುದು ಕಟ್ಟಡ ಒಪ್ಪಂದದ ಅವಧಿಯೊಳಗೆ ಹಸ್ತಾಂತರವಾಯಿತೇ ಎಂದು. ಈ ಅಂಕಿ ಅವರ ಯಾವ ಮಾಸಿಕ ವರದಿಯಲ್ಲೂ ಇರಲಿಲ್ಲ, ಏಕೆಂದರೆ ಯಾರೂ ಅದನ್ನು ಕೇಳಿರಲಿಲ್ಲ. ತಾವೇ ಇಟ್ಟುಕೊಂಡಿದ್ದ ದಿನಚರಿಗಳಿಂದ ಕಾರ್ಯಾದೇಶದ ದಿನಾಂಕ, ಒಪ್ಪಂದದ ಅವಧಿ, ಹಸ್ತಾಂತರದ ದಿನಾಂಕ ಮೂರನ್ನೂ ಬರೆದು ತಂದರು. ಕೊನೆಯ ಮೂರು ವರ್ಷದಲ್ಲಿ 19 ಕಟ್ಟಡಗಳಲ್ಲಿ 13 ಮೂಲ ಅವಧಿಯೊಳಗೆ ಮುಗಿದಿದ್ದವು. ಉಳಿದ ಆರರಲ್ಲಿ ಎರಡು ನಿವೇಶನದ ತಕರಾರಿನಿಂದ ವರ್ಷಕ್ಕೂ ಹೆಚ್ಚು ತಡವಾಗಿದ್ದವು. ಅವುಗಳನ್ನು ಬಿಟ್ಟು ಲೆಕ್ಕ ಹಾಕೋಣವೇ ಎಂದು ಅವರು ಕೇಳಿದಾಗ ಬೇಡ ಎಂದೆ. 19ರಲ್ಲಿ 13 ಎಂಬುದನ್ನು ನಿರ್ಮಾಣ ಬಲ್ಲವರು ಗೌರವಿಸುತ್ತಾರೆ. ಎಲ್ಲವೂ ಸಮಯಕ್ಕೆ ಮುಗಿದವು ಎಂದರೆ ಯಾರೂ ನಂಬುವುದಿಲ್ಲ.

ಏನನ್ನು ಬರೆಯಬಾರದು

ಸಾರಾಂಶ ಬರೆಯುವ ಮುನ್ನ ಮೂರು ವಿಷಯಗಳಲ್ಲಿ ಗೆರೆ ಎಳೆದುಕೊಂಡೆವು. ಗುತ್ತಿಗೆದಾರರ ಹೆಸರು, ಕಡತ ಸಂಖ್ಯೆ, ಟೆಂಡರಿನ ಒಳಗಿನ ದರಗಳು ಬರಬಾರದು. ಅವು ಇಲಾಖೆಯ ಮಾಹಿತಿ. ನೌಕರಿ ಬಿಟ್ಟ ಮಾತ್ರಕ್ಕೆ ಅವು ನಮ್ಮದಾಗುವುದಿಲ್ಲ. ಎರಡನೆಯದಾಗಿ, ಅರ್ಜಿ ಹಾಕಬೇಕಾದ ಕಂಪನಿಗಳ ಪಟ್ಟಿಯಲ್ಲಿ ಅವರ ಉಪವಿಭಾಗದಲ್ಲಿ ಟೆಂಡರ್ ಹಾಕಿದ್ದ ಒಂದು ಗುತ್ತಿಗೆ ಸಂಸ್ಥೆಯೂ ಇತ್ತು. ಅದನ್ನು ತೆಗೆದುಹಾಕಿದರು. ಅಲ್ಲಿ ಕೆಲಸ ಸಿಕ್ಕರೂ ಹಿಂದಿನ ಪ್ರತಿ ಬಿಲ್ಲಿನ ಮೇಲೂ ಸಂಶಯದ ನೆರಳು ಬೀಳುತ್ತಿತ್ತು. ಮೂರನೆಯದಾಗಿ, ನಿವೃತ್ತಿಯ ನಂತರ ಖಾಸಗಿ ಉದ್ಯೋಗ ಸೇರಲು ತಮ್ಮ ಹುದ್ದೆಯವರಿಗೆ ಸರ್ಕಾರದ ಅನುಮತಿ ಬೇಕೇ ಎಂದು ಅವರು ಇಲಾಖೆಯ ಸಿಬ್ಬಂದಿ ಶಾಖೆಗೆ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆದರು. ಬಾಯಿಮಾತಿನಲ್ಲಿ "ಏನೂ ತೊಂದರೆಯಿಲ್ಲ ಸರ್" ಎಂದವರು ಹಲವರಿದ್ದರು. ಪಿಂಚಣಿಯ ವಿಷಯದಲ್ಲಿ ಬಾಯಿಮಾತು ಸಾಲದು.

ಮೂರನೆಯ ಸಾರಾಂಶ

ಕೊನೆಗೆ ನಿಂತದ್ದು ಇದು:

"ಕಟ್ಟಡ ಗುತ್ತಿಗೆಗಳ ವೆಚ್ಚ, ಅವಧಿ, ಗುಣಮಟ್ಟವನ್ನು ಮಾಲೀಕರ ಪರವಾಗಿ 24 ವರ್ಷ ನೋಡಿಕೊಂಡ ಸಿವಿಲ್ ಎಂಜಿನಿಯರ್. ಕರ್ನಾಟಕ ಸರ್ಕಾರದಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್: ಒಂದು ತಾಲ್ಲೂಕಿನ ಘಟಕದ ಮುಖ್ಯಸ್ಥ, ಆರು ಎಂಜಿನಿಯರುಗಳ ತಂಡ, ಏಕಕಾಲಕ್ಕೆ 15ರಿಂದ 20 ಗುತ್ತಿಗೆಗಳು, ವರ್ಷಕ್ಕೆ ಸುಮಾರು 20 ಕೋಟಿ ರೂಪಾಯಿಯ ಕೆಲಸ, ಏಳು ತಿಂಗಳು ಮೇಲಿನ ವಿಭಾಗದ ಪ್ರಭಾರ ಹೊಣೆ. ಗುತ್ತಿಗೆದಾರರ ಬಿಲ್ಲುಗಳನ್ನು ಸ್ಥಳದಲ್ಲಿ ಅಳೆದು ಪರಿಶೀಲಿಸಿ ಪಾವತಿಗೆ ಶಿಫಾರಸು ಮಾಡಿದ್ದೇನೆ. ಹೆಚ್ಚುವರಿ ಕೆಲಸದ ಕ್ಲೇಮ್‌ಗಳನ್ನು ಪರಿಶೀಲಿಸಿದ್ದೇನೆ. ಒಂದು ಕಟ್ಟಡದಲ್ಲಿ 38 ಲಕ್ಷದ ಬೇಡಿಕೆ ಮಣ್ಣಿನ ಪರೀಕ್ಷೆಯ ನಂತರ ಕೆಲಸ ನಿಲ್ಲದೆ 17 ಲಕ್ಷಕ್ಕೆ ಇತ್ಯರ್ಥವಾಯಿತು. ಕೊನೆಯ ಮೂರು ವರ್ಷದ 19 ಕಟ್ಟಡಗಳಲ್ಲಿ 13 ಮೂಲ ಅವಧಿಯಲ್ಲಿ ಹಸ್ತಾಂತರ. ಕೈಗಾರಿಕಾ ಕಟ್ಟಡಗಳಲ್ಲಿ ಮಾಲೀಕರ ಪರ ಗುತ್ತಿಗೆ ನಿರ್ವಹಣೆಯ ಕೆಲಸ ಬೇಕಾಗಿದೆ. ಸ್ವಯಂ ನಿವೃತ್ತಿ ಅಂಗೀಕಾರವಾಗಿದೆ. ಇಲಾಖಾ ವಿಚಾರಣೆ ಯಾವುದೂ ಬಾಕಿಯಿಲ್ಲ."

ಇದರಲ್ಲಿ ಕೆಲವು ಆಯ್ಕೆಗಳಿಗೆ ಕಾರಣ ಹೇಳಬೇಕು. ಪದನಾಮವನ್ನು ಬದಲಿಸಲಿಲ್ಲ; ಅದರ ಪಕ್ಕದಲ್ಲೇ ಅದರ ಅಳತೆ ಬರುವಂತೆ ಮಾಡಿದೆವು. ತಂಡದ ಗಾತ್ರ, ಗುತ್ತಿಗೆಗಳ ಸಂಖ್ಯೆ, ವರ್ಷದ ಮೊತ್ತ ಕಂಡ ಮೇಲೆ ಅಸಿಸ್ಟೆಂಟ್ ಎಂಬ ಪದ ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಉಪವಿಭಾಗ ಎನ್ನದೆ ಘಟಕ ಎಂದೆವು. 100 ಕೋಟಿ ಎಂಬ ಹಳೆಯ ಮೊತ್ತ ಹಲವು ವರ್ಷಗಳನ್ನು ಕೂಡಿಸಿ ಬಂದದ್ದು, ಅದನ್ನು ಬಿಟ್ಟು ವರ್ಷದ ಮೊತ್ತ ಬರೆದೆವು. ಕಂಪನಿಯವರು ತಮ್ಮ ಯೋಜನೆಯ ಗಾತ್ರಕ್ಕೆ ಹೋಲಿಸಿ ನೋಡುವುದು ಅದನ್ನೇ.

ಮಾಲೀಕರ ಪರವಾಗಿ ಎಂಬ ಮಾತನ್ನು ಮೊದಲ ಸಾಲಿನಲ್ಲೇ ಇಟ್ಟದ್ದು ಬಹಳ ಯೋಚಿಸಿ. ನಿರ್ಮಾಣ ಉದ್ಯಮದಲ್ಲಿ ಎರಡು ಬದಿ: ಕಟ್ಟಿಸುವವರು, ಕಟ್ಟುವವರು. ಸರ್ಕಾರಿ ಎಂಜಿನಿಯರ್ ಸದಾ ಕಟ್ಟಿಸುವವರ ಬದಿ. ಮೊದಲ ಬಾರಿ ಅವರು ಎರಡೂ ಬದಿಯ ಕಂಪನಿಗಳಿಗೆ ಒಂದೇ ರೆಸ್ಯೂಮೆ ಕಳುಹಿಸಿದ್ದರು. ಕಟ್ಟುವವರಿಗೆ ಬೇಕಾದದ್ದು ಕೂಲಿಯವರನ್ನು ಜಮಾಯಿಸಿ, ಸಾಮಗ್ರಿ ತರಿಸಿ, ಸ್ವತಃ ಕೆಲಸ ಎಬ್ಬಿಸಬಲ್ಲವರು. ಆ ಅನುಭವ ಇವರಿಗಿಲ್ಲ. ಇದು ತಿಳಿದ ಮೇಲೆ ಅರ್ಜಿಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಯಿತು, ಕರೆಗಳು ಬರತೊಡಗಿದವು.

ಬಿಲ್ಲಿನ ಸಾಲಿನಲ್ಲಿ ಸರ್ಟಿಫಿಕೇಷನ್ ಎಂಬ ಪದ ಹಾಕಲು ಒಬ್ಬ ಸ್ನೇಹಿತರು ಹೇಳಿದ್ದರು. ಖಾಸಗಿ ಗುತ್ತಿಗೆಗಳಲ್ಲಿ ಬಿಲ್ ಸರ್ಟಿಫೈ ಮಾಡಿದರೆ ಪಾವತಿಯ ಹೊಣೆ ಬಿದ್ದಂತೆ. ಅವರು ಮಾಡಿದ್ದು ಪರಿಶೀಲನೆ ಮತ್ತು ಶಿಫಾರಸು. ಆ ಎರಡು ಪದಗಳನ್ನೇ ಉಳಿಸಿಕೊಂಡೆವು. ಕ್ಲೇಮಿನ ಸಾಲಿನಲ್ಲಿಯೂ "ಇತ್ಯರ್ಥ ಮಾಡಿದೆ" ಎನ್ನದೆ "ಇತ್ಯರ್ಥವಾಯಿತು" ಎಂದದ್ದು ಅದೇ ಕಾರಣಕ್ಕೆ: ಅಂತಿಮ ಅನುಮೋದನೆ ಮೇಲಧಿಕಾರಿಗಳದು. ಆಡಿಟ್ ವಿಷಯವನ್ನು ಸಾರಾಂಶದಿಂದ ತೆಗೆದು ಒಳಪುಟದಲ್ಲಿ "ನಾನು ಬರುವ ಮೊದಲಿನಿಂದ ಬಾಕಿಯಿದ್ದ ಲೆಕ್ಕ ಪರಿಶೋಧನಾ ಆಕ್ಷೇಪಣೆಗಳನ್ನು ದಾಖಲೆ ಒದಗಿಸಿ ಮುಗಿಸಿದ್ದೇನೆ" ಎಂದು ಪೂರ್ತಿ ವಾಕ್ಯದಲ್ಲಿ ಬರೆದೆವು.

ಕೊನೆಯ ಸಾಲಿನ ಬಗ್ಗೆ ಅವರಿಗೆ ಹಿಂಜರಿಕೆ ಇತ್ತು. ವಿಚಾರಣೆ ಇಲ್ಲ ಎಂದು ಬರೆದರೆ ಇದ್ದಿರಬಹುದು ಎಂಬ ಯೋಚನೆ ಬರುವುದಿಲ್ಲವೇ ಎಂದರು. ಆ ಯೋಚನೆ ಓದುವವರ ತಲೆಯಲ್ಲಿ ಆಗಲೇ ಇರುತ್ತದೆ. ಪಿಂಚಣಿಯ ನೌಕರಿಯನ್ನು ಅವಧಿಗೆ ಮುಂಚೆ ಬಿಟ್ಟು ಬಂದವರನ್ನು ಕಂಡಾಗ ನೇಮಕಾತಿಯವರು ಬಾಯಿಬಿಟ್ಟು ಕೇಳದ ಮೊದಲ ಪ್ರಶ್ನೆ ಅದು. ಅವರ ಸ್ವಯಂ ನಿವೃತ್ತಿ ಆದೇಶದ ಪ್ರತಿ ಕೈಯಲ್ಲಿದ್ದುದರಿಂದ ಆ ಸಾಲಿಗೆ ದಾಖಲೆಯ ಬಲವೂ ಇತ್ತು. ದಾಖಲೆ ಇಲ್ಲದವರು ಆ ಸಾಲನ್ನು ಬರೆಯಬಾರದು.

ಮುಂದೆ ನಡೆದದ್ದು

ಗೋದಾಮು ಮತ್ತು ಕಾರ್ಖಾನೆ ಕಟ್ಟಡಗಳನ್ನು ಕಟ್ಟಿಸುವ ಒಂದು ಕಂಪನಿಯ ಸಂದರ್ಶನದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ವಸತಿ ನಿಲಯದ ತಳಪಾಯವೇ. ಪರೀಕ್ಷಾ ಗುಂಡಿಗಳನ್ನು ಎಲ್ಲೆಲ್ಲಿ ತೋಡಿಸಿದಿರಿ, ಗುತ್ತಿಗೆದಾರರು ಒಪ್ಪದಿದ್ದರೆ ಏನು ಮಾಡುತ್ತಿದ್ದಿರಿ, ಮೂಲ ಅಂದಾಜಿಗೆ ಮುಂಚೆಯೇ ಮಣ್ಣಿನ ಪರೀಕ್ಷೆ ಏಕೆ ಆಗಿರಲಿಲ್ಲ ಎಂದು ಕೇಳಿದರು. ಕೊನೆಯದಕ್ಕೆ ಅವರು, ಅಂದಾಜು ತಮ್ಮ ಹಿಂದಿನವರ ಕಾಲದಲ್ಲಿ ಒಂದೇ ಗುಂಡಿಯ ಆಧಾರದ ಮೇಲೆ ಆಗಿತ್ತು, ಆಮೇಲೆ ತಮ್ಮ ಉಪವಿಭಾಗದಲ್ಲಿ ದೊಡ್ಡ ಕಟ್ಟಡಗಳಿಗೆ ಕನಿಷ್ಠ ಮೂರು ಗುಂಡಿ ತೋಡಿಸುವ ಪದ್ಧತಿ ಮಾಡಿದೆ ಎಂದರು. ಈ ಮಾತು ರೆಸ್ಯೂಮೆಯಲ್ಲಿ ಇರಲಿಲ್ಲ. ನಿಜ ಸಂಗತಿಯನ್ನು ಹಿಡಿದು ಮಾತಾಡುತ್ತಿದ್ದುದರಿಂದ ತಾನಾಗಿ ಬಂತು.

ಅವರಿಗೆ ಕೊರತೆಯಾದ ಜಾಗವೂ ಅಲ್ಲಿಯೇ ಕಂಡಿತು. ಗುತ್ತಿಗೆ ಕೊಡುವ ಮೊದಲು ಬೆಲೆ ಚೌಕಾಶಿ ಮಾಡಿದ್ದೀರಾ ಎಂದು ಕೇಳಿದರು. ಸರ್ಕಾರಿ ಟೆಂಡರಿನಲ್ಲಿ ಬಂದ ಎಲ್ಲರನ್ನೂ ಕೂರಿಸಿಕೊಂಡು ಒಬ್ಬರ ದರ ತೋರಿಸಿ ಇನ್ನೊಬ್ಬರ ದರ ಇಳಿಸುವಂತಿಲ್ಲ. ಮಾತುಕತೆ ಏನಿದ್ದರೂ ಕನಿಷ್ಠ ದರ ಕೊಟ್ಟವರೊಂದಿಗೆ, ಅದೂ ಕಟ್ಟುಪಾಡಿನೊಳಗೆ. ಖಾಸಗಿ ಖರೀದಿಯಲ್ಲಿ ನಾಲ್ಕಾರು ಸುತ್ತಿನ ಚೌಕಾಶಿ ಸಾಮಾನ್ಯ. ಇದಕ್ಕೆ ಸಮಾನವಾದ ಅನುಭವ ಇಲಾಖೆಯಲ್ಲಿ ಇಲ್ಲ, ಯಾವ ಪದ ಹಾಕಿದರೂ ಆ ಅಂತರ ತುಂಬುವುದಿಲ್ಲ. ಎರಡನೆಯ ಸಾರಾಂಶದ "ಕಾರ್ಯತಂತ್ರದ ಖರೀದಿ" ಇನ್ನೂ ಅಲ್ಲಿದ್ದಿದ್ದರೆ ಈ ಪ್ರಶ್ನೆಯಲ್ಲೇ ಅವರು ಸಿಕ್ಕಿಬೀಳುತ್ತಿದ್ದರು. "ಅದು ನನಗೆ ಹೊಸದು, ಗುತ್ತಿಗೆ ಕೊಟ್ಟ ನಂತರದ ಕೆಲಸ ನನ್ನ ಬಲ" ಎಂದು ನೇರವಾಗಿ ಹೇಳಿದರು.

ಕಂಪನಿ ಅದಕ್ಕೆ ತಕ್ಕಂತೆಯೇ ನಿರ್ಧರಿಸಿತು. ಅವರು ಅರ್ಜಿ ಹಾಕಿದ್ದ ಗುತ್ತಿಗೆ ವಿಭಾಗದ ಮುಖ್ಯಸ್ಥರ ಹುದ್ದೆ ಸಿಗಲಿಲ್ಲ. ಬಿಲ್ಲು ಪರಿಶೀಲನೆ ಮತ್ತು ಕ್ಲೇಮ್‌ಗಳ ಹೊಣೆಯಿರುವ, ಅದಕ್ಕಿಂತ ಒಂದು ಹಂತ ಕೆಳಗಿನ ಹುದ್ದೆಗೆ, ಮೊದಲು ಆರು ತಿಂಗಳ ಕರಾರಿನ ಮೇಲೆ ತೆಗೆದುಕೊಂಡರು. ಖರೀದಿಯ ಚೌಕಾಶಿ ಸಭೆಗಳಲ್ಲಿ ಕೂತು ಕಲಿಯಲು ಅವಕಾಶ ಕೇಳಿ ಪಡೆದರು. ಕರಾರು ಮುಗಿದ ನಂತರ ನೌಕರಿ ಕಾಯಂ ಆಯಿತು.

ಈ ಸಾರಾಂಶವನ್ನು ನೋಡಿದ ಅವರ ಇಲಾಖೆಯ ಒಬ್ಬ ಕಚೇರಿ ಅಧೀಕ್ಷಕರು ತಮಗೂ ಹೀಗೆ ಬರೆಯಬಹುದೇ ಎಂದು ಕೇಳಿದ್ದಾರೆ. ಅವರ ರೆಸ್ಯೂಮೆಯಲ್ಲಿ ಈಗ ಇರುವುದು "ಖಜಾನೆ-2 ಮೂಲಕ ವೇತನ ಬಿಲ್ಲು, ಎಚ್‌ಆರ್‌ಎಂಎಸ್ ನಿರ್ವಹಣೆ, ಬಟವಾಡೆ ಅಧಿಕಾರಿಗೆ ಸಹಾಯ" ಎಂದು. ಅವರಿಂದ ನಾನು ಮೊದಲು ಕೇಳಿರುವುದು ನಾಲ್ಕು ಸಂಗತಿ: ತಿಂಗಳಿಗೆ ಎಷ್ಟು ಜನರ ವೇತನ ಅವರ ಕೈಯಿಂದ ಹೋಗುತ್ತದೆ, ಖಜಾನೆ ಆಕ್ಷೇಪಿಸಿ ಹಿಂದಿರುಗಿಸಿದ ಬಿಲ್ಲುಗಳು ಎಷ್ಟು, ಅವುಗಳಲ್ಲಿ ತಪ್ಪು ಹಿಡಿದು ಸರಿಪಡಿಸಿದ್ದು ಯಾರು, ಕೊನೆಯ ಸಹಿ ಯಾರದು. ಆ ಅಂಕಿಗಳನ್ನು ಅವರು ಈಗ ಕಚೇರಿಯ ವಹಿಗಳಿಂದ ಲೆಕ್ಕ ಹಾಕುತ್ತಿದ್ದಾರೆ.